ನಾಲ್ಕು, ಐದು, ಏಳು: ಎಲೆಯೊಳಗಿನ ಎಣಿಕೆ

ಟ್ಯಾರೋ ಕಟ್ಟಿನಲ್ಲಿ 78 ಎಲೆಗಳಿವೆ. ಅವುಗಳಲ್ಲಿ 22 ಮೇಜರ್ ಅರ್ಕಾನಾ, 56 ಮೈನರ್ ಅರ್ಕಾನಾ. ಮೈನರ್‌ನಲ್ಲಿ ರಾಜ, ರಾಣಿ ಮೊದಲಾದ 16 ಎಲೆಗಳನ್ನು ಬದಿಗಿಟ್ಟರೆ ಒಂದರಿಂದ ಹತ್ತರವರೆಗಿನ ಅಂಕಿಯ 40 ಎಲೆಗಳು ಉಳಿಯುತ್ತವೆ. ಪಂಗಡಗಳು ನಾಲ್ಕು. ಕೋಲು ಹುರುಪಿಗೆ, ಬಟ್ಟಲು ಭಾವನೆಗೆ, ಕತ್ತಿ ವಿಚಾರಕ್ಕೆ, ನಾಣ್ಯ ದುಡಿಮೆಗೆ ಮತ್ತು ದುಡ್ಡಿಗೆ ಸೇರಿದ್ದು.

ನಮ್ಮವರು ಎಡವುವುದು ಅಂಕಿಗಳ ಹತ್ತಿರ. ಹುಟ್ಟಿದ ತಾರೀಖನ್ನು ಕೂಡಿಸಿ ನಾಲ್ಕು ರಾಹು, ಐದು ಬುಧ, ಏಳು ಕೇತು ಎನ್ನುವ ಲೆಕ್ಕ ನಮಗೆ ರೂಢಿ. ಬುಧನ ಐದು ವ್ಯಾಪಾರಕ್ಕೆ ಒಳ್ಳೆಯದೆಂದು ನಂಬಿ ನಾಣ್ಯದ ಐದನ್ನು ತೆರೆದರೆ, ಹಿಮದಲ್ಲಿ ನಡುಗುತ್ತ ಸಾಗುವ ಇಬ್ಬರು ಬಡವರು ಕಾಣುತ್ತಾರೆ! ಟ್ಯಾರೋದ ಅಂಕಿಗೂ ಗ್ರಹದ ಅಂಕಿಗೂ ನಂಟಿಲ್ಲ. ಟ್ಯಾರೋ ಅಂಕಿಯ ಅರ್ಥದ ಬೇರು ಇರುವುದು 1888ರಲ್ಲಿ ಲಂಡನ್ನಿನಲ್ಲಿ ಹುಟ್ಟಿದ ಗೋಲ್ಡನ್ ಡಾನ್ ಎಂಬ ಗೂಢವಿದ್ಯಾ ಸಂಘದಲ್ಲಿ. ಯೆಹೂದಿ ಕಬ್ಬಾಲಾದ ಹತ್ತು ನೆಲೆಗಳ ಮರವನ್ನು ಅವರು ಒಂದರಿಂದ ಹತ್ತರ ಎಲೆಗಳಿಗೆ ಹೊಂದಿಸಿದರು. ಆ ಮರದಲ್ಲಿ ನಾಲ್ಕು ಕರುಣೆಯ ನೆಲೆ, ಐದು ಕಾಠಿಣ್ಯದ ನೆಲೆ. ಆರು ನಡುಗಂಬದ ಮೇಲಿನ ಸಮತೋಲ. ಏಳು ಆ ನಡುಗಂಬದಿಂದ ಒಂದು ಬದಿಗೆ ಸರಿದು ಕೆಳಗಿಳಿದದ್ದು.

ಆ ಸಂಘದ ಸದಸ್ಯರಾಗಿದ್ದ ಆರ್ಥರ್ ಎಡ್ವರ್ಡ್ ವೇಟ್ ಮತ್ತು ಚಿತ್ರಕಾರ್ತಿ ಪಮೇಲಾ ಕೋಲ್ಮನ್ ಸ್ಮಿತ್ 1909ರಲ್ಲಿ ಹೊರತಂದ ಕಟ್ಟೇ ಇಂದು ಹೆಚ್ಚು ಬಳಕೆಯಲ್ಲಿದೆ. ಪಮೇಲಾ ಅಂಕಿಯನ್ನು ಚಿತ್ರದೊಳಗೇ ಒಡೆದು ತೋರಿಸಿದ್ದಾಳೆ. ನನಗೆ ಅತಿ ಪ್ರಿಯವಾದದ್ದು ಇದೇ.

ನಾಲ್ಕು ಎಂದರೆ ನಿಂತ ನೆಲೆ, ಚೌಕಟ್ಟು. ಕೋಲಿನ ನಾಲ್ಕರಲ್ಲಿ ನಾಲ್ಕು ಕೋಲು ನೆಟ್ಟು ಹೂಮಾಲೆ ಕಟ್ಟಿದ ಚಪ್ಪರವಿದೆ. ಇಲ್ಲಿ ನೆಲೆ ಸಂಭ್ರಮವಾಗಿದೆ. ಬಟ್ಟಲಿನ ನಾಲ್ಕರಲ್ಲಿ ಕೈಕಟ್ಟಿ ಕೂತ ಹುಡುಗನ ಮುಂದೆ ಮೂರು ಬಟ್ಟಲಿವೆ, ಮೋಡದಿಂದ ಚಾಚಿದ ನಾಲ್ಕನೆಯದನ್ನು ಅವನು ನೋಡುತ್ತಿಲ್ಲ. ಕತ್ತಿಯ ನಾಲ್ಕರಲ್ಲಿ ಮೂರು ಕತ್ತಿ ಗೋಡೆಯ ಮೇಲಿವೆ, ಒಂದು ಮಲಗಿದ ಯೋಧನ ಕೆಳಗಿದೆ. ಇದು ಯುದ್ಧದ ನಡುವಿನ ವಿಶ್ರಾಂತಿ. ನಾಣ್ಯದ ನಾಲ್ಕರಲ್ಲಿ ಒಬ್ಬ ನಾಣ್ಯವನ್ನು ಎದೆಗವಚಿ, ತಲೆಯ ಮೇಲೊಂದಿಟ್ಟು, ಎರಡನ್ನು ಕಾಲಡಿ ಒತ್ತಿ ಕೂತಿದ್ದಾನೆ. ಅಲುಗಿದರೆ ಎಲ್ಲವೂ ಉರುಳುತ್ತದೆ. ನೆಲೆ ಹೆಚ್ಚಾದರೆ ಜಡವಾಗುತ್ತದೆ ಎಂಬುದು ಅಲ್ಲೇ ಕಾಣುತ್ತದೆ.

ಐದು ಆ ಚೌಕಟ್ಟನ್ನು ಒಡೆಯುತ್ತದೆ. ಕೋಲಿನಲ್ಲಿ ಐವರು ಹುಡುಗರ ಕೋಲು ಕಾದಾಟ, ಕತ್ತಿಯಲ್ಲಿ ಎಲ್ಲರನ್ನೂ ದೂರಮಾಡಿದ ಗೆಲುವು, ನಾಣ್ಯದಲ್ಲಿ ಬಡತನ. ಬಟ್ಟಲಿನ ಐದನ್ನು ಎಣಿಸಿ ನೋಡಿ: ಕಪ್ಪು ನಿಲುವಂಗಿಯವನ ಮುಂದೆ ಮೂರು ಬಟ್ಟಲು ಚೆಲ್ಲಿವೆ, ಬೆನ್ನ ಹಿಂದೆ ಎರಡು ನೆಟ್ಟಗೆ ನಿಂತಿವೆ. ಐದು ಕಂಡ ಕೂಡಲೇ ಸರ್ವನಾಶ ಎನ್ನುವವರು ಆ ಎರಡನ್ನು ಎಣಿಸಿಲ್ಲ. ಅದರ ಮುಂದೆ ಆರು ಕಾದಿರುತ್ತದೆ ಎಂಬುದನ್ನೂ ಮರೆತಿರುತ್ತಾರೆ.

ಏಳು ಆರರ ಸಮತೋಲ ಕಳೆದ ಮೇಲಿನ ಪರೀಕ್ಷೆ. ಇನ್ನೂ ಮುಂದುವರಿಯಬೇಕೇ ಎಂದು ಅದು ಕೇಳುತ್ತದೆ. ಕೋಲಿನಲ್ಲಿ ಎತ್ತರದಲ್ಲಿ ನಿಂತ ಒಬ್ಬನ ಕೋಲಿಗೆ ಕೆಳಗಿನಿಂದ ಆರು ಎದುರಾಗಿವೆ. ಕತ್ತಿಯಲ್ಲಿ ಪಾಳೆಯದಿಂದ ಕದ್ದೊಯ್ಯುವವನ ಕೈಯಲ್ಲಿ ಐದು, ಹಿಂದೆ ಎರಡು ಉಳಿದಿವೆ. ಜಾಣತನ ಪೂರ್ತಿ ಫಲಿಸಿಲ್ಲ. ಬಟ್ಟಲಿನಲ್ಲಿ ಏಳೂ ಮೋಡದ ಮೇಲೆ ತೇಲುತ್ತವೆ, ಯಾವುದೂ ಕೈಗೆ ಬಂದಿಲ್ಲ. ನಾಣ್ಯದ ರೈತ ಗುದ್ದಲಿಗೆ ಒರಗಿ ಬೆಳೆ ನೋಡುತ್ತಿದ್ದಾನೆ. ಆರು ನಾಣ್ಯ ಬಳ್ಳಿಯಲ್ಲಿವೆ, ಒಂದು ಕಾಲ ಬಳಿ ಇದೆ.

ಈಗ ಓದಿ ನೋಡೋಣ. ಕೆಲಸ ಬಿಡಲೋ ಬೇಡವೋ ಎಂದು ಕೇಳಿದವರಿಗೆ ನಾಣ್ಯದ ನಾಲ್ಕು, ಬಟ್ಟಲಿನ ಐದು, ನಾಣ್ಯದ ಏಳು ಬಂದವು ಎನ್ನಿ. ಮೊದಲು ಅಂಕಿ: ನೆಲೆ, ಒಡಕು, ಪರೀಕ್ಷೆ. ಆಮೇಲೆ ಪಂಗಡ: ಹಣದ ನೆಲೆಯನ್ನು ಅವಚಿಕೊಂಡಿದ್ದಾರೆ, ಒಡೆದದ್ದು ಮಾತ್ರ ಮನಸ್ಸು, ಪರೀಕ್ಷೆ ಮತ್ತೆ ದುಡಿಮೆಯದೇ. ಕೊನೆಗೆ ಚಿತ್ರದ ಎಣಿಕೆ: ಚೆಲ್ಲಿದ ಮೂರರ ಹಿಂದೆ ಎರಡು ಉಳಿದಿವೆ, ಬಳ್ಳಿಯಲ್ಲಿ ಆರು ಇವೆ. ಇಷ್ಟು ದಿನದ ದುಡಿಮೆಯಲ್ಲಿ ಏನು ಫಲಿಸಿದೆ ಎಂದು ಎಣಿಸಿದ ಮೇಲೆ ನಿರ್ಧರಿಸಿ ಎಂಬುದೇ ಓದು. ಬಿಡುತ್ತಾರೆಂದೋ ಉಳಿಯುತ್ತಾರೆಂದೋ ಎಲೆ ಹೇಳಲಾರದು. ಎಲೆಗಳು ನಾಳೆಯನ್ನು ಮುಂಚೆಯೇ ತಿಳಿಸುತ್ತವೆ ಎನ್ನಲು ಪುರಾವೆಯಿಲ್ಲ. ಅವು ಕೇಳಿದವರ ಇಂದಿನ ಸ್ಥಿತಿಗೆ ಮಾತು ಕೊಡುತ್ತವೆ, ಅಷ್ಟೆ.

ಒಂದು ಸಂಜೆ ಈ ಹನ್ನೆರಡು ಎಲೆಗಳನ್ನು ಮೂರು ಸಾಲಾಗಿ ಹರಡಿ, ಪುಸ್ತಕ ಮುಚ್ಚಿಟ್ಟು, ಪ್ರತಿ ಚಿತ್ರದಲ್ಲೂ ವಸ್ತುಗಳು ಹೇಗೆ ಪಾಲಾಗಿವೆ ಎಂದು ಎಣಿಸಿ. ನಾಲ್ಕು ಮತ್ತು ಐದರ ಸಾಲು ತಿಳಿದ ಮೇಲೆ ಆರರ ನಾಲ್ಕು ಎಲೆಗಳನ್ನು ಅವುಗಳ ಕೆಳಗೆ ಇಡಿ. ಏಳು ಎಲ್ಲಿಂದ ಸರಿದು ಬಂತೆಂಬುದು ಆಗಲೇ ಕಣ್ಣಿಗೆ ಬೀಳುತ್ತದೆ. ದಯವಿಟ್ಟು ಅಲ್ಲಿಯವರೆಗೆ ನಿಲ್ಲಬೇಡಿ.