ಸಿಪ್ಪೆ ಸಮೇತ ತೂಗಿದರೇ ಲೆಕ್ಕ ಸರಿ

ದ್ವಿತೀಯ ಪಿಯುಸಿಯ ರಸಾಯನಶಾಸ್ತ್ರ ಪ್ರಾಯೋಗಿಕ ತರಗತಿ ನಡೆಯುತ್ತಿದೆ ಎಂದುಕೊಳ್ಳಿ. ಬ್ಯುರೆಟ್‌ನಲ್ಲಿ ಕಡು ನೇರಳೆ ಬಣ್ಣದ ಪೊಟ್ಯಾಸಿಯಂ ಪರ್ಮಾಂಗನೇಟ್ ಇದೆ. ಕೆಳಗಿನ ಶಂಕುವಿನಾಕಾರದ ಫ್ಲಾಸ್ಕಿನಲ್ಲಿ ಮಕ್ಕಳೇ ತಯಾರಿಸಿದ ಮೋರ್ ಲವಣದ ದ್ರಾವಣ 10 ಮಿಲಿಲೀಟರ್. ಎಲ್ಲರ ಬ್ಯುರೆಟ್ಟೂ 10 ಮಿಲಿಲೀಟರ್ ಆಸುಪಾಸಿನಲ್ಲಿ ನಿಂತರೆ, ಒಬ್ಬ ಹುಡುಗನದು ಮಾತ್ರ 7.2ಕ್ಕೇ ನಿಲ್ಲುತ್ತದೆ. ಇನ್ನೊಮ್ಮೆ ಮಾಡುತ್ತಾನೆ, ಮತ್ತೆ 7.2. ಮೂರನೆಯ ಸಲವೂ ಅದೇ.

ಮೂರು ಸಲವೂ ಒಂದೇ ಅಳತೆ ಬಂದಿರುವುದರಿಂದ ಅವನ ಕೈ ನಡುಗಿಲ್ಲ, ಕಣ್ಣೂ ತಪ್ಪಿಲ್ಲ. ತಪ್ಪು ಆಗಿರುವುದು ಅದಕ್ಕೂ ಮೊದಲು, ತಕ್ಕಡಿಯ ಹತ್ತಿರ ಹೋಗುವ ಮುನ್ನ ಕಾಗದದ ಮೇಲೆ ಮಾಡಿದ ಗುಣಾಕಾರದಲ್ಲಿ.

ಅವನಿಗೆ ಕೊಟ್ಟಿದ್ದ ಕೆಲಸ ಇಷ್ಟು: M/20, ಅಂದರೆ 0.05 ಮೊಲಾರ್ ಸಾಂದ್ರತೆಯ ಮೋರ್ ಲವಣದ ದ್ರಾವಣವನ್ನು 250 ಮಿಲಿಲೀಟರ್ ತಯಾರಿಸಬೇಕು. ಮೊಲಾರಿಟಿ ಎಂಬುದು ಒಂದು ಲೀಟರ್ ದ್ರಾವಣದಲ್ಲಿ ಎಷ್ಟು ಮೋಲ್ ವಸ್ತು ಇದೆ ಎನ್ನುವ ಲೆಕ್ಕ. ಆದರೆ ಲ್ಯಾಬಿನ ತಕ್ಕಡಿಗೆ ಮೋಲ್ ಗೊತ್ತಿಲ್ಲ. ಅದಕ್ಕೆ ಗೊತ್ತಿರುವುದು ಗ್ರಾಂ ಮಾತ್ರ. ಹಾಗಾಗಿ ಲೀಟರಿಗೆ ಎಷ್ಟು ಗ್ರಾಂ ಎಂದು ಮೊದಲು ಪರಿವರ್ತಿಸಿಕೊಳ್ಳಬೇಕು.

ತೆಂಗಿನಕಾಯಿಯ ವ್ಯಾಪಾರ ನೆನಪಿಸಿಕೊಂಡರೆ ಇದು ಸುಲಭ. ಕಾಯಿಯನ್ನು ಎಣಿಸಿ ಮಾರುವುದೂ ಉಂಟು, ತೂಗಿ ಮಾರುವುದೂ ಉಂಟು. ಒಂದು ಕಾಯಿ ಸರಾಸರಿ ಎಷ್ಟು ತೂಗುತ್ತದೆಂದು ಗೊತ್ತಿದ್ದರೆ, ಮೂಟೆಯನ್ನು ತೂಗಿಯೇ ಒಳಗೆ ಎಷ್ಟು ಕಾಯಿ ಇದೆಯೆಂದು ಹೇಳಬಹುದು. ರಾಸಾಯನಿಕ ಕ್ರಿಯೆ ನಡೆಯುವುದು ಎಣಿಕೆಯ ಮೇಲೆ. ಇಷ್ಟು ಕಬ್ಬಿಣದ ಅಯಾನುಗಳಿಗೆ ಇಷ್ಟು ಪರ್ಮಾಂಗನೇಟ್ ಅಯಾನು ಎಂಬುದು ಅದರ ಕರಾರು. ಮೋಲ್ ಎಂದರೆ ಆ ಎಣಿಕೆಯ ದೊಡ್ಡ ಕಟ್ಟು. ಒಂದು ಕಟ್ಟಿನ ತೂಕವೇ ಆ ವಸ್ತುವಿನ ಮೋಲಾರ್ ರಾಶಿ. ಮೊಲಾರಿಟಿಯನ್ನು ಮೋಲಾರ್ ರಾಶಿಯಿಂದ ಗುಣಿಸಿದರೆ ಲೀಟರಿಗೆ ಎಷ್ಟು ಗ್ರಾಂ ಎಂದು ಸಿಕ್ಕಿಬಿಡುತ್ತದೆ.

ಇನ್ನು ಮೋರ್ ಲವಣದ ಮೋಲಾರ್ ರಾಶಿ. 19ನೇ ಶತಮಾನದ ಜರ್ಮನ್ ರಸಾಯನಶಾಸ್ತ್ರಜ್ಞ ಕಾರ್ಲ್ ಫ್ರೀಡ್ರಿಕ್ ಮೋರ್ ಅವರ ಹೆಸರು ಹೊತ್ತ ಈ ತಿಳಿ ಹಸಿರು ಹರಳಿನ ಪೂರ್ಣ ಹೆಸರು ಫೆರಸ್ ಅಮೋನಿಯಂ ಸಲ್ಫೇಟ್. ನಮ್ಮ ಹುಡುಗ ಆ ಹೆಸರನ್ನೇ ನಂಬಿ ಲೆಕ್ಕ ಹಾಕಿದ. ಕಬ್ಬಿಣ 56, ಎರಡು ಅಮೋನಿಯಂ ಸೇರಿ 36, ಎರಡು ಸಲ್ಫೇಟ್ ಸೇರಿ 192, ಒಟ್ಟು 284. ಅದನ್ನು 0.05ರಿಂದ ಗುಣಿಸಿದಾಗ ಲೀಟರಿಗೆ 14.2 ಗ್ರಾಂ. 250 ಮಿಲಿಲೀಟರ್ ಎಂದರೆ ಕಾಲು ಲೀಟರ್, ಆದ್ದರಿಂದ 3.55 ಗ್ರಾಂ. ಅಷ್ಟನ್ನೇ ಅವನು ಜಾಗ್ರತೆಯಿಂದ ತೂಗಿದ. ಗುಣಾಕಾರ ಸರಿ, ಕೂಡಿಕೆ ಸರಿ, ಉತ್ತರ ಮಾತ್ರ ತಪ್ಪು.

ಬಾಟಲಿಯ ಚೀಟಿಯ ಮೇಲಿರುವ ಸೂತ್ರ FeSO4·(NH4)2SO4·6H2O. ಕೊನೆಯ ಚುಕ್ಕೆಯ ಆಚೆ ಇರುವ ಆರು ನೀರಿನ ಅಣುಗಳನ್ನು ಅವನು ಬಿಟ್ಟಿದ್ದ. ಇವು ಹರಳಿನ ರಚನೆಯಲ್ಲೇ ಸೇರಿಕೊಂಡಿರುವ ಸ್ಫಟಿಕ ಜಲ. ಮುಟ್ಟಿದರೆ ಹರಳು ಒಣಗಿಯೇ ಇರುತ್ತದೆ. ಆದರೂ ಅದರ ತೂಕದ ಕಾಲು ಭಾಗಕ್ಕೂ ಹೆಚ್ಚು ನೀರೇ. ಆರು ನೀರಿನ ಅಣುಗಳಿಗೆ 108 ಸೇರಿಸಿದರೆ ನಿಜವಾದ ಮೋಲಾರ್ ರಾಶಿ 392.

ದ್ರಾವಣ ಮಾಡಿದ ಮೇಲೆ ಈ ನೀರು ಉಳಿದ ನೀರಿನೊಳಗೆ ಸೇರಿಹೋಗುತ್ತದಲ್ಲ, ಅದನ್ನೇಕೆ ಲೆಕ್ಕಕ್ಕೆ ತರಬೇಕು ಎಂದು ಕೇಳಬಹುದು. ಮತ್ತೆ ತೆಂಗಿನಕಾಯಿಗೇ ಬರೋಣ. ಬೇಕಾಗಿರುವುದು ಒಳಗಿನ ಕಾಯಿಯೇ ಹೌದು. ಆದರೆ ತಕ್ಕಡಿಯ ಮೇಲಿರುವುದು ಸಿಪ್ಪೆ ಸುಲಿಯದ ಕಾಯಿ. ಸುಲಿದ ಕಾಯಿಯ ತೂಕ ಹಿಡಿದು ಸುಲಿಯದ ಕಾಯಿಯನ್ನು ತೂಗಿಕೊಂಡರೆ ಎಣಿಕೆಯಲ್ಲಿ ಕಡಿಮೆ ಕಾಯಿ ಬರುತ್ತದೆ. ಹುಡುಗನಿಗೆ ಆದದ್ದೂ ಇದೇ.

ಸರಿಯಾದ ಲೆಕ್ಕ ಹೀಗೆ: 392ನ್ನು 0.05ರಿಂದ ಗುಣಿಸಿದರೆ ಲೀಟರಿಗೆ 19.6 ಗ್ರಾಂ, ಕಾಲು ಲೀಟರಿಗೆ 4.9 ಗ್ರಾಂ. ಹಳೆಯ ಎರಡು ತಟ್ಟೆಯ ತಕ್ಕಡಿ ಇರುವಲ್ಲಿ ಎರಡು 2 ಗ್ರಾಂ ಬೊಟ್ಟು, ಒಂದು 500 ಮಿಲಿಗ್ರಾಂ, ಎರಡು 200 ಮಿಲಿಗ್ರಾಂ ಇಟ್ಟರೆ ತೂಕ ಕೂಡುತ್ತದೆ.

ಹುಡುಗನ 3.55 ಗ್ರಾಂ ಎಷ್ಟು ಮೊಲಾರ್ ಆಯಿತು ಎಂದು ತಿಳಿಯಲು ಹಿಂದುಮುಂದಾಗಿ ಲೆಕ್ಕ ಹಾಕಬೇಕು. 250 ಮಿಲಿಲೀಟರಿಗೆ 3.55 ಎಂದರೆ ಲೀಟರಿಗೆ 14.2 ಗ್ರಾಂ, ಅದನ್ನು 392ರಿಂದ ಭಾಗಿಸಿದರೆ ಸುಮಾರು 0.036 ಮೊಲಾರ್. ಒಂದು ಪರ್ಮಾಂಗನೇಟ್ ಅಯಾನು ಐದು ಫೆರಸ್ ಅಯಾನುಗಳನ್ನು ಫೆರಿಕ್ ಮಾಡುತ್ತದೆ. ಆದ್ದರಿಂದ 0.05 ಮೊಲಾರ್ ಲವಣದ 10 ಮಿಲಿಲೀಟರಿಗೆ 0.01 ಮೊಲಾರ್ ಪರ್ಮಾಂಗನೇಟ್ ಸರಿಯಾಗಿ 10 ಮಿಲಿಲೀಟರ್ ಬೇಕು. ಕಬ್ಬಿಣ ಕಡಿಮೆಯಾದಷ್ಟೂ ಅದೂ ಕಡಿಮೆ ಸಾಕು. 284ನ್ನು 392ರಿಂದ ಭಾಗಿಸಿ 10ರಿಂದ ಗುಣಿಸಿ ನೋಡಿ, 7.2 ಬರುತ್ತದೆ. ಬ್ಯುರೆಟ್ ಅವನ ಲೆಕ್ಕದ ತಪ್ಪನ್ನು ದಶಮಾಂಶದ ಸಮೇತ ಓದಿ ಹೇಳಿತ್ತು.

ಗ್ರಾಂ ಸರಿಯಾದ ಮೇಲೂ 'ಲೀಟರಿಗೆ' ಎಂಬ ಪದದಲ್ಲಿ ಇನ್ನೊಂದು ಎಡವಟ್ಟು ಅಡಗಿದೆ. ಅದು ಲೀಟರ್ ದ್ರಾವಣ, ಲೀಟರ್ ನೀರಲ್ಲ. 4.9 ಗ್ರಾಂ ಹರಳಿಗೆ 250 ಮಿಲಿಲೀಟರ್ ನೀರು ಅಳೆದು ಸುರಿದರೆ ದ್ರಾವಣದ ಒಟ್ಟು ಗಾತ್ರ 250 ಎಂಬ ಖಾತ್ರಿ ಇಲ್ಲ. ಅದಕ್ಕೇ ಕುತ್ತಿಗೆಯಲ್ಲಿ ಒಂದೇ ಗೆರೆಯಿರುವ ಸ್ಟ್ಯಾಂಡರ್ಡ್ ಫ್ಲಾಸ್ಕ್ ಬಳಸುವುದು. ಹರಳನ್ನು ಆಲಿಕೆಯ ಮೂಲಕ ಒಳಗೆ ಹಾಕಿ, ಆಲಿಕೆಗೆ ಅಂಟಿದ್ದನ್ನೂ ತೊಳೆದು ಒಳಗೇ ಬಿಡಬೇಕು. ಮೊದಲು ಸ್ವಲ್ಪ ನೀರಿನಲ್ಲಿ ಪೂರ್ತಿ ಕರಗಿಸಿ, ಆಮೇಲೆ ಗೆರೆಯವರೆಗೆ ತುಂಬಿಸಬೇಕು. ಕೊನೆಯ ಹನಿಗಳನ್ನು ಡ್ರಾಪರ್‌ನಿಂದ ಬಿಟ್ಟು, ನೀರಿನ ಮೇಲ್ಮೈಯ ತಗ್ಗು ಗೆರೆಯನ್ನು ಮುಟ್ಟಿದೊಡನೆ ನಿಲ್ಲಿಸಬೇಕು. ಗೆರೆ ದಾಟಿದರೆ ಹೊರಗೆ ಚೆಲ್ಲಿ ಸರಿಮಾಡಲು ಬರುವುದಿಲ್ಲ, ಏಕೆಂದರೆ ಚೆಲ್ಲುವ ನೀರಿನ ಜೊತೆ ಲವಣವೂ ಹೋಗುತ್ತದೆ.

ಮೋರ್ ಲವಣಕ್ಕೆ ಬೇಕಾದ ಇನ್ನೊಂದು ಎಚ್ಚರವೂ ಇದೆ. ಕರಗಿಸುವ ನೀರಿಗೆ ಸಾರರಿಕ್ತ ಸಲ್ಫ್ಯೂರಿಕ್ ಆಮ್ಲ ಸೇರಿಸಿರಬೇಕು, ಬಿಸಿ ಮಾಡಬಾರದು. ಇಲ್ಲವಾದರೆ ಫೆರಸ್ ಕಬ್ಬಿಣ ಗಾಳಿಯ ಆಮ್ಲಜನಕದಿಂದ ಫೆರಿಕ್ ಆಗತೊಡಗಿ, ದ್ರಾವಣ ಹಳದಿಗೆ ತಿರುಗುತ್ತದೆ ಅಥವಾ ಕಂದಾಗಿ ಕದಡುತ್ತದೆ. ಆಗ ಗ್ರಾಂ ಲೆಕ್ಕ ಎಷ್ಟೇ ಸರಿಯಿದ್ದರೂ ಬ್ಯುರೆಟ್ ಕಡಿಮೆಯನ್ನೇ ತೋರಿಸುತ್ತದೆ.

ತೂಕ ಸರಿಯಾಗಿ 4.9ಕ್ಕೇ ನಿಲ್ಲಲಿಲ್ಲವೆಂದು ಕಣಕಣವಾಗಿ ತೆಗೆದು ಹಾಕುತ್ತ ಕೂರಬೇಕಾಗಿಲ್ಲ. 4.86 ಗ್ರಾಂ ಬಂದರೆ ಅಷ್ಟನ್ನೇ ಬರೆದುಕೊಳ್ಳಿ, ಅದು 0.0496 ಮೊಲಾರ್, ಮುಂದಿನ ಲೆಕ್ಕಕ್ಕೆಲ್ಲ ಅದೇ ಸಂಖ್ಯೆ. ಆದರೆ ತಕ್ಕಡಿ ಮುಟ್ಟುವ ಮುನ್ನ ಬಾಟಲಿಯ ಚೀಟಿಯಲ್ಲಿರುವ ಸೂತ್ರವನ್ನು, ಚುಕ್ಕೆಯ ಆಚೆಯ ನೀರಿನ ಸಮೇತ, ರೆಕಾರ್ಡ್ ಪುಸ್ತಕದ ಮೊದಲ ಸಾಲಿನಲ್ಲಿ ಬರೆದುಕೊಳ್ಳಿ. ಮೋಲಾರ್ ರಾಶಿಯನ್ನು ಆ ಸಾಲಿನಿಂದಲೇ ಕೂಡಿಸಿ, ಲವಣದ ಹೆಸರಿನಿಂದ ಬೇಡ.