ಗಾಜಿನೊಳಗಿನ ಹುಣಸೂರು

ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಗೆ ಹೋಗಿದ್ದಾಗ ಮೊಮ್ಮಗಳು ಸ್ವೆಟರ್ ಅಂಗಡಿಯ ಗಾಜಿನ ಕಿಟಕಿಯ ಫೋಟೊ ತೆಗೆದಳು. ಮನೆಗೆ ಬಂದು ನೋಡಿದರೆ ಸ್ವೆಟರುಗಳ ಮೇಲೆ ವಿಚಿತ್ರ ಬರಹ!

“ತಾತ, ಇದು ಟಿಬೆಟನ್ ಅಲ್ವಾ? ಅರ್ಥ ಕೇಳಿ ಹೇಳ್ತೀಯಾ?” ಎಂದಳು.

ಅಲ್ಲಿ ಟಿಬೆಟನ್ನರ ಊರುಗಳಿವೆ, ಅವಳ ಊಹೆ ತಪ್ಪೇನಲ್ಲ. ಆದರೆ ಟಿಬೆಟನ್ ಫಲಕಗಳ ಅಕ್ಷರಗಳ ನೆತ್ತಿ ಸಾಮಾನ್ಯವಾಗಿ ಚಪ್ಪಟೆ, ಗೆರೆಗೆ ನೇತುಹಾಕಿದ ಹಾಗೆ. ಇವು ದುಂಡಗಿದ್ದವು. ತಲೆಕಟ್ಟಿನ ಬಾಲ ನೋಡಿದೆ. ಕನ್ನಡದಲ್ಲಿ ಅದು ಬಲಕ್ಕೆ ಏಳುತ್ತದೆ, ಇಲ್ಲಿ ಎಡಕ್ಕೆ ಎದ್ದಿತ್ತು. ಕೊಂಬುಗಳೂ ಎಡಕ್ಕೇ ಸುತ್ತಿದ್ದವು. ಅಂದರೆ ಇದು ಕನ್ನಡವೇ, ಮಗುಚಿಕೊಂಡಿದೆ ಅಷ್ಟೆ. ಬಲತುದಿಯಿಂದ ಓದಿದೆ: ಹು, ಣ, ಸೂ, ರು! ನಮ್ಮ ಬೆನ್ನ ಹಿಂದೆ ನಿಂತಿದ್ದ ಬಸ್ಸಿನ ಬೋರ್ಡು ಗಾಜಿನಲ್ಲಿ ಮೂಡಿತ್ತು.

ಅವಳು ಫೋಟೊವನ್ನು ಸುತ್ತಿಸಿದಳು, ಬೋರ್ಡು ತಲೆಕೆಳಗಾಯಿತು. ಸುತ್ತಿಸುವುದು ಬೇರೆ, ಎಡಬಲ ಮಗುಚುವುದು ಬೇರೆ. ಫೋನಿನಲ್ಲಿ ಮಗುಚುವ ಗುಂಡಿ ಸಿಗದಿದ್ದರೆ ಫೋನನ್ನು ಕನ್ನಡಿಯ ಮುಂದೆ ಹಿಡಿದರೂ ಸಾಕು.

ಮಗುಚಿದಾಗ ಹುಣಸೂರು ನೆಟ್ಟಗಾಯಿತು, ಆದರೆ ಗಾಜಿನ ಮೇಲೇ ಬರೆದಿದ್ದ ಅಂಗಡಿಯ ಹೆಸರು ತಿರುಗಿಹೋಯಿತು! ಹಾಗಾಗಿ ಬೋರ್ಡಿನ ಭಾಗವನ್ನಷ್ಟೇ ಕತ್ತರಿಸಿ ಮಗುಚಿದೆವು.

ಕಷ್ಟ ಕೊಡುವುದು ಇಂಗ್ಲಿಷಿನ ‘ಟ್ಯಾಕ್ಸಿ’. ಅದರ ನಾಲ್ಕು ದೊಡ್ಡಕ್ಷರಗಳೂ ಎಡಬಲ ಒಂದೇ, ಹೀಗಾಗಿ ಅಕ್ಷರ ತಿರುಗಿದಂತೆ ಕಾಣುವುದಿಲ್ಲ, ಸಾಲು ಮಾತ್ರ ಹಿಂದುಮುಂದಾಗುತ್ತದೆ. ಆಗ ನಂಬರ್ ಪ್ಲೇಟು ನೋಡಬೇಕು. ಹುಣಸೂರಿನ ಗಾಡಿಯ 45, ಮಗುಚಿದರೆ 54ರ ಜಾಗದಲ್ಲಿ ಕೂತು, ಅಂಕಿಗಳೂ ಬೆನ್ನು ತಿರುಗಿಸಿರುತ್ತವೆ.