ಗಾಜಿನ ಕೊಳವೆಯಿಂದ ತಾಮ್ರದ ಗೋಳಕ್ಕೆ

ಸುಮಾರು ಒಂದು ಮೊಳದುದ್ದದ ಗಾಜಿನ ಕೊಳವೆ. ಅದರ ನಡುವೆ, ಮೇಲಿನಿಂದ ಒಳಕ್ಕಿಳಿದು ತಳದ ಸಮೀಪದಲ್ಲಿ ಮುಚ್ಚಿಕೊಂಡಿರುವ ಮತ್ತೊಂದು ಕಿರುನಳಿಗೆ. ಇವೆರಡರ ನಡುವಣ ಅವಕಾಶದಲ್ಲಿ ಮತ್ತೆ ಮತ್ತೆ ಭಟ್ಟಿಯಿಳಿಸಿ ಶುದ್ಧಗೊಳಿಸಿದ ನೀರು, ಆ ನೀರಿನ ಮೇಲೆ ಅದರದೇ ಆವಿಯ ಹೊರತು ಮತ್ತೇನೂ ಇಲ್ಲದಂತೆ ಗಾಳಿಯನ್ನೆಲ್ಲ ಹೀರಿ ಬೆಸೆದ ಬಾಯಿ. ನೋಡುವವರ ಕಣ್ಣಿಗೆ ಇದೊಂದು ಸಾಧಾರಣ ಉಪಕರಣ. ಆದರೆ 1954ರಿಂದ 2019ರ ಮೇ 19ರವರೆಗೆ ಲೋಕದ ಸಮಸ್ತ ತಾಪಮಾಪನವೂ, ಜ್ವರಪೀಡಿತನ ಬಾಯಲ್ಲಿಟ್ಟ ಕಡ್ಡಿಯಿಂದ ಹಿಡಿದು ಉಕ್ಕಿನ ಕುಲುಮೆಯಲ್ಲಿಳಿಸಿದ ತಂತಿಯವರೆಗೆ, ಕಟ್ಟಕಡೆಗೆ ಬಂದು ನಿಲ್ಲುತ್ತಿದ್ದುದು ಇಂತಹ ಕೊಳವೆಯೊಂದರ ಮುಂದೆಯೇ. ಅದರ ಮರುದಿನ ಆ ಅಧಿಕಾರವು ನೀರಿನಿಂದ ಒಂದು ಸಂಖ್ಯೆಗೆ ಹಸ್ತಾಂತರವಾಯಿತು. ಆ ಹಸ್ತಾಂತರದ ವೃತ್ತಾಂತವನ್ನು ಇಲ್ಲಿ ಹೇಳಬೇಕೆಂದಿದ್ದೇನೆ.

ಮಂಜುಗಡ್ಡೆ, ನೀರು, ನೀರಾವಿ ಈ ಮೂರೂ ಒಂದನ್ನೊಂದು ಕರಗಿಸದೆ, ಒಂದನ್ನೊಂದು ನುಂಗದೆ ಸಮತೋಲದಿಂದ ಕೂಡಿರಬಲ್ಲ ಸ್ಥಿತಿಯು ಒಂದೇ ಒಂದು ತಾಪದಲ್ಲಿ, ಒಂದೇ ಒಂದು ಒತ್ತಡದಲ್ಲಿ ಮಾತ್ರ ಸಾಧ್ಯ. ಅದನ್ನು ತ್ರಿಕಬಿಂದುವೆನ್ನುತ್ತಾರೆ. ಅಲ್ಲಿಯ ಒತ್ತಡ ಸುಮಾರು 612 ಪಾಸ್ಕಲ್, ಎಂದರೆ ನಮ್ಮ ಸುತ್ತಣ ವಾಯುಭಾರದ ನೂರರುವತ್ತರಲ್ಲಿ ಒಂದು ಪಾಲಿಗಿಂತಲೂ ಕಡಿಮೆ. ನೀರು ಹೆಪ್ಪುಗಟ್ಟುವ ಬಿಂದುವು ವಾಯುಭಾರವನ್ನೂ ನೀರಿನಲ್ಲಿ ಕರಗಿದ ಗಾಳಿಯನ್ನೂ ಅವಲಂಬಿಸಿದ್ದರೆ, ತ್ರಿಕಬಿಂದುವು ತನ್ನ ಒತ್ತಡವನ್ನು ತಾನೇ ನಿಶ್ಚಯಿಸಿಕೊಳ್ಳುತ್ತದೆ. ಆದುದರಿಂದಲೇ ಮಾನಕವಾಗಲು ಅದಕ್ಕೆ ಯೋಗ್ಯತೆಯುಂಟಾಯಿತು. 1954ರ ಅಂತರರಾಷ್ಟ್ರೀಯ ಸಮ್ಮೇಳನವು ಈ ತಾಪವು 273.16 ಎಂದು ವಿಧಿಸಿತು. ಹಾಗೆಂದರೆ, ಪರಮಶೂನ್ಯದಿಂದ ತ್ರಿಕಬಿಂದುವಿನವರೆಗಿನ ಅಂತರದ 273.16ನೆಯ ಒಂದಂಶವೇ ಒಂದು ಕೆಲ್ವಿನ್. ಜನರಿಗೆ ಬಳಕೆಯಾಗಿದ್ದ ಸೆಲ್ಸಿಯಸ್ ಡಿಗ್ರಿಯ ಗಾತ್ರ ಕದಲದಿರಲೆಂದು ಆ ಸಂಖ್ಯೆಯನ್ನು ಆರಿಸಿದರು.

ಈ ಬಿಂದುವನ್ನು ಕೈವಶಮಾಡಿಕೊಳ್ಳುವುದು ಸಾವಧಾನದ ಕೆಲಸ. ಒಳನಳಿಗೆಯಲ್ಲಿ ಘನರೂಪದ ಇಂಗಾಲದ ಡೈಆಕ್ಸೈಡನ್ನು ಪುಡಿಮಾಡಿ ತುಂಬಿದರೆ, ಅದರ ಸುತ್ತಣ ನೀರು ಹೆಪ್ಪುಗಟ್ಟುತ್ತ ಕ್ರಮೇಣ ಬೆರಳುದಪ್ಪದ ಮಂಜಿನ ಕವಚವಾಗುತ್ತದೆ. ಅವಸರದಲ್ಲಿ ಹುಟ್ಟಿದ ಮಂಜಿನ ಸ್ಫಟಿಕಗಳಲ್ಲಿ ಬಿಗಿತ ಉಳಿದಿರುತ್ತದೆಯಾಗಿ, ಕೊಳವೆಯನ್ನು ಮಂಜಿನ ತೊಟ್ಟಿಯಲ್ಲಿ ಮುಳುಗಿಸಿ ಕೆಲವು ದಿನ ಸುಮ್ಮನೆ ಬಿಡಬೇಕು. ಬಳಿಕ ಕೊಠಡಿಯ ತಾಪದಲ್ಲಿರುವ ಕಡ್ಡಿಯೊಂದನ್ನು ಒಳನಳಿಗೆಗೆ ಕ್ಷಣಕಾಲ ಇಳಿಸಿದರೆ ಕವಚದ ಒಳಮೈ ತೆಳ್ಳಗೆ ಕರಗಿ, ಗಾಜಿಗೂ ಮಂಜಿಗೂ ನಡುವೆ ನೀರಿನ ಒಂದು ಪೊರೆ ಉಂಟಾಗುತ್ತದೆ. ಕೊಳವೆಯನ್ನು ಮೆಲ್ಲನೆ ತಿರುಗಿಸಿದಾಗ ಕವಚವು ಅಂಟಿಕೊಳ್ಳದೆ ತನ್ನಷ್ಟಕ್ಕೆ ತಾನು ಸುತ್ತಿದರೆ ಆ ಪೊರೆ ಪೂರ್ಣವಾಗಿದೆಯೆಂದು ತಿಳಿಯಬೇಕು. ಒಳಗೆ ಗಾಳಿ ಸೇರಿದೆಯೇ ಎಂಬುದನ್ನು ಮಂಜುಗಟ್ಟಿಸುವುದಕ್ಕೆ ಮುನ್ನವೇ ಕಿವಿಯಿಂದ ಪರೀಕ್ಷಿಸುತ್ತಾರೆ. ಕೊಳವೆಯನ್ನು ಓರೆಮಾಡಿದಾಗ ನೀರು ಗಾಜಿನ ತುದಿಗೆ ಬಡಿದು ಲೋಹದಂತೆ ಖಣಿಲೆಂದರೆ ಒಳಗೆ ಆವಿಯಲ್ಲದೆ ಬೇರೇನೂ ಇಲ್ಲ. ಸದ್ದು ಮೆತ್ತಗಾಗಿದ್ದರೆ, ಎಲ್ಲಿಂದಲೋ ಸೇರಿಕೊಂಡ ಗಾಳಿ ಅಲ್ಲಿ ಮೆತ್ತೆ ಹಾಸಿದೆ.

ಇಷ್ಟು ಶ್ರದ್ಧೆಯಿಂದ ಸಿದ್ಧಪಡಿಸಿದ ಎರಡು ಕೊಳವೆಗಳನ್ನು ಅಕ್ಕಪಕ್ಕದಲ್ಲಿಟ್ಟು ಅಳೆದರೂ ಅವು ಒಂದೇ ತಾಪವನ್ನು ತೋರುತ್ತಿರಲಿಲ್ಲ. ಹತ್ತಾರು ಮೈಕ್ರೊಕೆಲ್ವಿನ್‌ಗಳ ವ್ಯತ್ಯಾಸ ಕಾಣುತ್ತಿತ್ತು. ಅದಕ್ಕೆ ಮುಖ್ಯ ಕಾರಣವೆಂದರೆ ಜಗತ್ತಿನ ನೀರೆಲ್ಲವೂ ಒಂದೇ ನೀರಲ್ಲ. ಜಲಜನಕದಲ್ಲಿಯೂ ಆಮ್ಲಜನಕದಲ್ಲಿಯೂ ಹೆಚ್ಚು ತೂಕದ ಸಮಸ್ಥಾನಿಗಳು ಅಲ್ಪಪ್ರಮಾಣದಲ್ಲಿ ಬೆರೆತಿರುತ್ತವೆ. ಸಮುದ್ರದ ನೀರಿನಲ್ಲಿ ಅವುಗಳ ಪಾಲು ಒಂದು, ಒಳನಾಡಿನ ಮಳೆಯ ನೀರಿನಲ್ಲಿ ಇನ್ನೊಂದು. ಆ ಪಾಲಿನ ಮೇರೆಗೆ ತ್ರಿಕಬಿಂದುವೂ ಮೇಲೆಕೆಳಗಾಗುತ್ತದೆ. 2005ರಲ್ಲಿ ಸಮುದ್ರಜಲವನ್ನು ಪ್ರಮಾಣವಾಗಿಟ್ಟುಕೊಂಡು, ಪ್ರತಿಯೊಂದು ಸಮಸ್ಥಾನಿಯ ಪಾಲೂ ಇಷ್ಟಿಷ್ಟೇ ಇರತಕ್ಕದ್ದೆಂದು ವ್ಯಾಖ್ಯೆಗೆ ವಿವರಣೆಯನ್ನು ಸೇರಿಸಬೇಕಾಯಿತು. ಅದು ಸಾಲದೆಂಬಂತೆ, ಗಾಜು ತಾನೂ ವರ್ಷವರ್ಷಕ್ಕೆ ಅಣುಪ್ರಮಾಣದಲ್ಲಿ ನೀರಿನೊಳಕ್ಕೆ ಕರಗಿ ಅದರ ಶುದ್ಧತೆಯನ್ನು ಕೆಡಿಸುತ್ತದೆ. ವ್ಯಾಖ್ಯೆಯು ಒಂದು ಪದಾರ್ಥದ ಮೇಲೆ ನಿಂತಾಗ ಆ ಪದಾರ್ಥದ ಕೊರತೆಗಳೆಲ್ಲವೂ ವ್ಯಾಖ್ಯೆಯ ಕೊರತೆಗಳಾಗಿ ಪರಿಣಮಿಸುತ್ತವೆ.

ಇನ್ನೊಂದು ತೊಡಕು ಇದಕ್ಕಿಂತಲೂ ಆಳದ್ದು. ನೀರು ನಮಗೆ ಕೊಡುವುದು ಒಂದೇ ಒಂದು ಗುರುತು. ಕಬ್ಬಿಣ ಕರಗುವ ತಾಪವನ್ನಾಗಲಿ, ಹೀಲಿಯಂ ದ್ರವವಾಗುವ ತಾಪವನ್ನಾಗಲಿ ಅಳೆಯಬೇಕಾದವನು ಆ ಒಂದು ಗುರುತಿನಿಂದ ಹೊರಟು, ಅನುಪಾತಗಳ ಮೆಟ್ಟಿಲುಗಳನ್ನು ಒಂದೊಂದಾಗಿ ಕಟ್ಟಿಕೊಂಡು ಹೋಗಬೇಕು. ಪ್ರತಿ ಮೆಟ್ಟಿಲಿನಲ್ಲಿಯೂ ಅಷ್ಟಷ್ಟು ಅನಿಶ್ಚಿತತೆ ಕೂಡಿಕೊಳ್ಳುತ್ತದೆ.

ಹಾಗಾದರೆ ನೀರನ್ನು ಬಿಟ್ಟು ತಾಪವನ್ನು ಯಾವುದರ ಮೇಲೆ ನಿಲ್ಲಿಸಬೇಕು? ಈ ಪ್ರಶ್ನೆಗೆ ಉತ್ತರವನ್ನು ವಿಯೆನ್ನಾದ ಲುಡ್ವಿಗ್ ಬೋಲ್ಟ್ಸ್‌ಮನ್ ಹತ್ತೊಂಬತ್ತನೆಯ ಶತಮಾನದಲ್ಲಿಯೇ ಸಿದ್ಧಪಡಿಸಿದ್ದನು. ತಾಪವೆಂಬುದು ವಸ್ತುವಿನ ಕಣಗಳ ಅವಿರತ ಚಲನೆಯ ಲಕ್ಷಣವೆಂದೂ, ಅನಿಲದ ಪರಮಾಣುವೊಂದರ ಸರಾಸರಿ ಚಲನಶಕ್ತಿಯು ಅನಿಲದ ತಾಪಕ್ಕೆ ಅನುಪಾತದಲ್ಲಿರುತ್ತದೆಯೆಂದೂ ಅವನ ಸಿದ್ಧಾಂತದ ತಿರುಳು. ಆ ಅನುಪಾತವನ್ನು ಸೂಚಿಸುವ ಸ್ಥಿರಾಂಕವನ್ನು 1900ರ ಸುಮಾರಿಗೆ ಮ್ಯಾಕ್ಸ್ ಪ್ಲಾಂಕನು k ಎಂದು ಬರೆದು ಅದರ ಬೆಲೆಯನ್ನು ಲೆಕ್ಕಹಾಕಿದನು. ಬೋಲ್ಟ್ಸ್‌ಮನ್ನನ ಹೆಸರಿನಿಂದಲೇ ಅದು ಪ್ರಸಿದ್ಧವಾಯಿತು. ತಾಪವನ್ನು ಕೆಲ್ವಿನ್‌ನಲ್ಲಿ ಹೇಳಿದರೆ, k ಎಂಬುದು ಅದನ್ನು ಶಕ್ತಿಯ ಏಕಮಾನವಾದ ಜೌಲ್‌ಗೆ ಪರಿವರ್ತಿಸುವ ವಿನಿಮಯದ ದರ. ಆ ದರವನ್ನು ಒಮ್ಮೆ ಶಾಶ್ವತವಾಗಿ ಗೊತ್ತುಪಡಿಸಿಬಿಟ್ಟರೆ ಕೆಲ್ವಿನ್‌ನ ಗಾತ್ರವೂ ತಾನಾಗಿ ಗೊತ್ತಾಗುತ್ತದೆ. ಆದರೆ ಗೊತ್ತುಪಡಿಸುವ ಮುನ್ನ, ಹಳೆಯ ಕೆಲ್ವಿನ್‌ಗೂ ಹೊಸ ಕೆಲ್ವಿನ್‌ಗೂ ಭೇದ ಕಾಣದಂತೆ, ಆ ದರವನ್ನು ಹಳೆಯ ಮಾನದಿಂದಲೇ ಅತ್ಯಂತ ಸೂಕ್ಷ್ಮವಾಗಿ ಅಳೆಯಬೇಕಾಗಿತ್ತು.

ಅಳೆದ ಬಗೆಗಳಲ್ಲಿ ಶ್ರೇಷ್ಠವಾದುದು ಶಬ್ದದ ವೇಗವನ್ನು ಆಶ್ರಯಿಸಿದ್ದು. ಅನಿಲದಲ್ಲಿ ಶಬ್ದವು ಸಂಚರಿಸುವುದು ಪರಮಾಣುಗಳ ಚಲನೆಯ ಬಲದಿಂದಲೇ. ಆದುದರಿಂದ ಶಬ್ದದ ವೇಗವನ್ನು ಅರಿತವನು ಪರಮಾಣುಗಳ ಶಕ್ತಿಯನ್ನೂ ಅರಿಯುತ್ತಾನೆ. ಆರ್ಗಾನ್‌ನಂತಹ ಏಕಪರಮಾಣು ಅನಿಲದಲ್ಲಿ, ಒತ್ತಡವು ಅತ್ಯಲ್ಪವಾದಾಗ, ಈ ಸಂಬಂಧವು ಸರಳವಾಗಿದೆ:

c² = 5kT / 3m

ಇಲ್ಲಿ c ಶಬ್ದದ ವೇಗ, T ತಾಪ, m ಒಂದು ಪರಮಾಣುವಿನ ದ್ರವ್ಯರಾಶಿ. ತ್ರಿಕಬಿಂದುವಿನ ತಾಪದಲ್ಲಿ ಆರ್ಗಾನ್‌ನಲ್ಲಿ ಶಬ್ದದ ವೇಗವು ಸೆಕೆಂಡಿಗೆ ಸುಮಾರು 308 ಮೀಟರ್. T ಎಂಬುದನ್ನು ನಮ್ಮ ಗಾಜಿನ ಕೊಳವೆಯೇ ಕೊಡುತ್ತದೆ. ಉಳಿದ ಎರಡನ್ನು ಅಳೆದರೆ k ಕೈಗೆ ಸಿಗುತ್ತದೆ.

ಲಂಡನ್ನಿನ ಬಳಿ ಟೆಡಿಂಗ್ಟನ್ನಿನಲ್ಲಿರುವ ರಾಷ್ಟ್ರೀಯ ಭೌತ ಪ್ರಯೋಗಾಲಯದಲ್ಲಿ ಮೈಕೇಲ್ ಡಿ ಪೊಡೆಸ್ಟಾ ಮತ್ತು ಸಂಗಡಿಗರು ಇದಕ್ಕಾಗಿ ಬಳಸಿದ್ದು ತಾಮ್ರದ ಎರಡು ಅರ್ಧಗೋಳಗಳನ್ನು ಕೂಡಿಸಿದ, 62 ಮಿಲಿಮೀಟರ್ ಒಳತ್ರಿಜ್ಯದ ಒಂದು ಪೊಳ್ಳುಗೋಳ. ಗಂಟೆಯೊಂದು ತನ್ನ ಆಕಾರಕ್ಕೆ ತಕ್ಕ ಸ್ವರದಲ್ಲಿ ನುಡಿಯುವಂತೆ, ಗೋಳದೊಳಗಣ ಅನಿಲವೂ ಕೆಲವು ನಿಶ್ಚಿತ ಆವರ್ತಗಳಲ್ಲಿ ಅನುರಣಿಸುತ್ತದೆ. ಆ ಆವರ್ತವೂ ಗೋಳದ ತ್ರಿಜ್ಯವೂ ತಿಳಿದರೆ ವೇಗವು ತಿಳಿಯಿತು. ಆದರೆ ವೇಗದ ವರ್ಗವು ಲೆಕ್ಕದಲ್ಲಿ ಬರುವುದರಿಂದ, ತ್ರಿಜ್ಯದಲ್ಲಿ ದಶಲಕ್ಷಕ್ಕೆ ಒಂದು ಪಾಲು ತಪ್ಪಿದರೆ k ಎರಡು ಪಾಲು ತಪ್ಪುತ್ತದೆ. 62 ಮಿಲಿಮೀಟರಿನ ದಶಲಕ್ಷದ ಒಂದು ಪಾಲೆಂದರೆ 62 ನ್ಯಾನೊಮೀಟರ್. ಯಾವ ಅಳತೆಗೋಲಿಗೂ ಅದು ಎಟುಕದು. ಆದಕಾರಣ ಅದೇ ಗೋಳದೊಳಗೆ ಸೂಕ್ಷ್ಮತರಂಗಗಳನ್ನೂ ಹಾಯಿಸಿ, ಬೆಳಕಿನ ವೇಗವನ್ನು ಆಧಾರವಾಗಿಟ್ಟುಕೊಂಡು, ತ್ರಿಜ್ಯವನ್ನು ಸುಮಾರು ಹನ್ನೆರಡು ನ್ಯಾನೊಮೀಟರುಗಳ ಅನಿಶ್ಚಿತತೆಯೊಳಗೆ ಕಂಡುಹಿಡಿದರು. ಗೋಳವನ್ನು ಬೇಕೆಂದೇ ಪೂರ್ತಿ ದುಂಡಗೆ ಮಾಡಿರಲಿಲ್ಲ. ಪರಿಪೂರ್ಣ ಗೋಳದಲ್ಲಿ ಮೂರು ತರಂಗರೂಪಗಳ ಆವರ್ತ ಒಂದರ ಮೇಲೊಂದು ಕುಳಿತು ಬೇರ್ಪಡಿಸಲಾಗದಂತಾಗುತ್ತದೆ. ಮೂರು ಅಕ್ಷಗಳ ಉದ್ದದಲ್ಲಿ ಕಿಂಚಿತ್ ಭೇದವನ್ನಿಟ್ಟಾಗ ಅವು ಬಿಡಿಬಿಡಿಯಾಗಿ ಕಾಣಿಸಿಕೊಳ್ಳುತ್ತವೆ.

2013ರಲ್ಲಿ ಅವರು ಫಲಿತಾಂಶವನ್ನು ಪ್ರಕಟಿಸಿದಾಗ ತೊಡಕೊಂದು ತಲೆದೋರಿತು. ಅದೇ ವಿಧಾನದಿಂದ 2011ರಲ್ಲಿ ಫ್ರಾನ್ಸಿನ ತಂಡವು ಕಂಡಿದ್ದ ಬೆಲೆಗೂ ಇದಕ್ಕೂ ದಶಲಕ್ಷಕ್ಕೆ ಮೂರು ಪಾಲಿಗೆ ಸಮೀಪವಾದ ಅಂತರವಿತ್ತು. ಎರಡು ತಂಡಗಳೂ ತಮ್ಮ ಅನಿಶ್ಚಿತತೆ ಅದಕ್ಕಿಂತ ಕಡಿಮೆಯೆಂದು ಹೇಳಿದ್ದುವು. ದೋಷವು ಗೋಳದಲ್ಲಿರಲಿಲ್ಲ, ಶಬ್ದದಲ್ಲಿಯೂ ಇರಲಿಲ್ಲ. ಮುಖ್ಯವಾಗಿ ಅದು ಸಮೀಕರಣದ m ಎಂಬಲ್ಲಿ ಅಡಗಿತ್ತು. ಆರ್ಗಾನ್‌ಗೂ ನೀರಿನಂತೆಯೇ ಸಮಸ್ಥಾನಿಗಳುಂಟು. ಅದರ ಪರಮಾಣುಗಳಲ್ಲಿ ಬಹುಮಟ್ಟಿಗೆ ಎಲ್ಲವೂ ನಲವತ್ತರ ಭಾರದವು. ಮೂವತ್ತಾರರ ಭಾರದವು ಸಾವಿರಕ್ಕೆ ಮೂರರಷ್ಟು. ಆ ಮೂರನ್ನು ಎಣಿಸುವುದರಲ್ಲಿ ಸ್ವಲ್ಪ ತಪ್ಪಿದರೂ ಸರಾಸರಿ ದ್ರವ್ಯರಾಶಿ ಬದಲಾಗಿ, ಅದರೊಡನೆ k ಕೂಡ ಬದಲಾಗುತ್ತದೆ. ಅನಿಲದ ಮಾದರಿಗಳನ್ನು ಕೊರಿಯಾದ ಮಾನಕ ಸಂಸ್ಥೆಯಲ್ಲಿ ಮರಳಿ ಪರೀಕ್ಷಿಸಿದ ಮೇಲೆ ಟೆಡಿಂಗ್ಟನ್ನಿನ ಬೆಲೆಯನ್ನು ತಿದ್ದಿದರು, ಅಂತರ ಕರಗಿತು. ನೀರಿನ ಮಾನಕವನ್ನು ಕಾಡಿದ ಸಮಸ್ಥಾನಿಯೇ ಅದರ ಉತ್ತರಾಧಿಕಾರಿಯ ಬಾಗಿಲಲ್ಲಿಯೂ ಬಂದು ನಿಂತಿತ್ತು. ಒಂದೇ ಭೇದವೆಂದರೆ ಈಗ ಅದು ಅಳತೆಯ ದೋಷ, ವ್ಯಾಖ್ಯೆಯ ದೋಷವಲ್ಲ. ಅಳತೆಯ ದೋಷವನ್ನು ತಿದ್ದಬಹುದು.

ಒಂದೇ ಬಗೆಯ ಪ್ರಯೋಗವನ್ನು ಎಷ್ಟೇ ಸಲ ಮಾಡಿದರೂ, ಆ ಬಗೆಗೇ ಅಂಟಿದ ದೋಷವು ಹೊರಬೀಳದು. ಆದುದರಿಂದ ತಾಪಮಾಪನದ ಸಲಹಾಸಮಿತಿಯು, ತತ್ತ್ವತಃ ಭಿನ್ನವಾದ ಎರಡು ವಿಧಾನಗಳಾದರೂ k ಬಗ್ಗೆ ಒಮ್ಮತದಿಂದ ನುಡಿಯಬೇಕು ಎಂಬ ನಿಬಂಧನೆಯನ್ನು ಹಾಕಿತ್ತು. ಜರ್ಮನಿಯಲ್ಲಿ ಹೀಲಿಯಂ ಅನಿಲದ ವಿದ್ಯುತ್ ಗುಣದಿಂದಲೂ, ಚೀನಾ ಹಾಗೂ ಅಮೆರಿಕಗಳಲ್ಲಿ ವಿದ್ಯುತ್ ರೋಧಕದೊಳಗಣ ಇಲೆಕ್ಟ್ರಾನುಗಳ ಉಷ್ಣಜನ್ಯ ಸದ್ದಿನಿಂದಲೂ ಅದೇ ಸಂಖ್ಯೆಯನ್ನು ಸೇರಿದ ಬಳಿಕ ನಿಬಂಧನೆ ನೆರವೇರಿತು. 2018ರ ನವೆಂಬರ್ 16ರಂದು ವರ್ಸೈಲ್ಸ್ ನಗರದಲ್ಲಿ ನೆರೆದ ಸಮ್ಮೇಳನವು ಅಂಗೀಕರಿಸಿ, 2019ರ ಮೇ 20ರಿಂದ ಜಾರಿಗೆ ತಂದ ಬೆಲೆ ಇದು:

k = 1.380649 × 10⁻²³ J/K

ಈ ಸಂಖ್ಯೆಗೆ ಇನ್ನು ಅನಿಶ್ಚಿತತೆಯಿಲ್ಲ. ಅನಿಶ್ಚಿತತೆಯು ಎಲ್ಲಿಗೆ ಹೋಯಿತೆಂದರೆ, ಮರಳಿ ನೀರಿಗೆ. ಹಿಂದೆ 273.16 ಎಂಬುದು ವಿಧಿಯಾಗಿತ್ತು, k ಅಳತೆಯಾಗಿತ್ತು; ಈಗ k ವಿಧಿ, 273.16 ಅಳತೆ. ತ್ರಿಕಬಿಂದುವಿನ ತಾಪವನ್ನು ಇಂದು ಹೇಳುವಾಗ ಹತ್ತುಸಾವಿರದ ಒಂದಂಶ ಕೆಲ್ವಿನ್‌ನಷ್ಟು ಅನಿಶ್ಚಿತತೆಯನ್ನು ಜೊತೆಯಲ್ಲಿಯೇ ಹೇಳಬೇಕು. ಇನ್ನೂ ನಿಖರವಾದ ಪ್ರಯೋಗವೊಂದು ನಾಳೆ ನಡೆದರೆ ಬದಲಾಗುವುದು ನೀರಿನ ಬೆಲೆಯೇ ಹೊರತು ಕೆಲ್ವಿನ್ ಅಲ್ಲ.

ಇದರಿಂದ ಪ್ರಯೋಗಾಲಯದ ದೈನಂದಿನ ಕೆಲಸ ಬದಲಾಗಲಿಲ್ಲ. ಪ್ಲಾಟಿನಂ ತಾಪಮಾಪಕಗಳನ್ನು ಇಂದಿಗೂ 1990ರ ಅಂತರರಾಷ್ಟ್ರೀಯ ಮಾಪನಶ್ರೇಣಿಯ ಪ್ರಕಾರವೇ ಸರಿಹೊಂದಿಸುತ್ತಾರೆ. ಆ ಶ್ರೇಣಿಯಲ್ಲಿ ನೀರಿನ ತ್ರಿಕಬಿಂದುವು ಹಿಂದಿನ ಸ್ಥಾನದಲ್ಲಿಯೇ ಇದೆ. ಬದಲಾದುದು ದೂರದ ತಾಪಗಳನ್ನು ಅಳೆಯುವವನ ಸ್ವಾತಂತ್ರ್ಯ. ಸಾವಿರಾರು ಕೆಲ್ವಿನ್‌ಗಳಲ್ಲಿ ಹೊಳೆಯುವ ವಸ್ತುವಿನ ಬೆಳಕಿನಿಂದಾಗಲಿ, ಪರಮಶೂನ್ಯದ ನೆರೆಯಲ್ಲಿ ರೋಧಕದ ಸದ್ದಿನಿಂದಾಗಲಿ ಆತನು ತಾಪವನ್ನು ನೇರವಾಗಿ ನಿರ್ಣಯಿಸಬಹುದು, 273.16ರ ಮೆಟ್ಟಿಲಿಗೆ ಬಂದು ಅಪ್ಪಣೆ ಬೇಡಬೇಕಾಗಿಲ್ಲ.

ಆದರೂ ಟೆಡಿಂಗ್ಟನ್ನಿನ ತಾಮ್ರದ ಗೋಳವು ತನ್ನ ತಾಪವನ್ನು ತಿಳಿದುಕೊಂಡುದು ಮೊಳದುದ್ದದ ಗಾಜಿನ ಕೊಳವೆಯಿಂದಲೇ ಎಂಬುದನ್ನು ನೆನೆಯಬೇಕು. ಇಂದು ನಾವು ಅನಂತಕಾಲಕ್ಕೆಂದು ಕೆತ್ತಿಟ್ಟ ಆ ಏಳಂಕಿಯ ಸಂಖ್ಯೆಯೊಳಗೆ, ಮಂಜಿನ ಕವಚವೊಂದು ಗಾಜನ್ನು ತಾಗದೆ ಸುತ್ತಿದ ಆ ಗಳಿಗೆಯೂ ಸೇರಿಹೋಗಿದೆ.